ನಲ್ಲಿ 1, ಮಕ್ಕಳು 23: ಹೊಸ ಶಿಕ್ಷಕರಿಗೆ ತರಗತಿ ನಿರ್ವಹಣೆಯ ಕಾರ್ಯಾಗಾರ ಕಟ್ಟುವ ಬಗೆ

ಹಳ್ಳಿ ಶಾಲೆಗೆ ಹೊಸದಾಗಿ ಸೇರಿದ ಶಿಕ್ಷಕರಿಗೆ ಬೆಂಗಳೂರಿನಲ್ಲಿ ತರಬೇತಿ ಎಂದರೆ ಸಾಮಾನ್ಯವಾಗಿ ನಡೆಯುವುದು ಇದು. ಮೈಕು, ಪ್ರೊಜೆಕ್ಟರು, ಸಾಲು ಕುರ್ಚಿ. ಮಕ್ಕಳ ಮನೋವಿಜ್ಞಾನದ ಮೇಲೆ ಒಂದು ಉಪನ್ಯಾಸ, ಶಿಸ್ತಿನ ಮೇಲೆ ಇನ್ನೊಂದು, ನಡುವೆ ಒಂದು ಚಟುವಟಿಕೆ ಹಾಡು, ಕೊನೆಗೆ ಹಿಮ್ಮಾಹಿತಿ ಫಾರಂ. ಫಾರಂನಲ್ಲಿ ಎಲ್ಲರೂ 'ತುಂಬಾ ಉಪಯುಕ್ತವಾಗಿತ್ತು' ಎಂದು ಬರೆದು ಬಸ್ಸು ಹಿಡಿಯುತ್ತಾರೆ. ಮಾರನೇ ದಿನ ತರಗತಿಗೆ ಹೋದಾಗ ಮೊದಲ ಹತ್ತು ನಿಮಿಷದಲ್ಲೇ ಗದ್ದಲ ಶುರು. ನಾನೂ ಇಂಥ ಕಾರ್ಯಾಗಾರಗಳನ್ನು ಬೇಕಾದಷ್ಟು ನಡೆಸಿದ್ದೇನೆ, ಆದ್ದರಿಂದ ಇದು ಬೇರೆಯವರ ಮೇಲಿನ ದೂರಲ್ಲ.

ಈಗ ನಾವು ಕೆಲವರು ಸೇರಿ ನಡೆಸುವ ಕಾರ್ಯಾಗಾರ ಬೇರೆ ಥರ ಇದೆ. ಇಡೀ 'ತರಗತಿ ನಿರ್ವಹಣೆ'ಯನ್ನು ಅದು ಹಿಡಿಯುವುದಿಲ್ಲ, ಒಂದೇ ಒಂದು ಸಂಗತಿಯನ್ನು ಹಿಡಿಯುತ್ತದೆ: ಮಗುವಿನ ಕೈ ಖಾಲಿ ಇರುವ ಹೊತ್ತು. ಒಂದು ಕೆಲಸ ಮುಗಿದು ಇನ್ನೊಂದು ಶುರುವಾಗುವ ನಡುವಿನ ಸಮಯ. ಹೊಸ ಶಿಕ್ಷಕರು ಸೋಲುವುದು ಬಹುಪಾಲು ಅಲ್ಲೇ.

ಇದು ನನ್ನ ಕಂಡುಹಿಡಿತವೇನಲ್ಲ. ಅಮೆರಿಕದ ಜೇಕಬ್ ಕೌನಿನ್ ಎಂಬ ಸಂಶೋಧಕರು ಒಮ್ಮೆ ತಮ್ಮ ಕಾಲೇಜು ತರಗತಿಯಲ್ಲಿ ಪೇಪರ್ ಓದುತ್ತಾ ಕೂತಿದ್ದ ಒಬ್ಬ ವಿದ್ಯಾರ್ಥಿಯನ್ನು ಗದರಿಸಿದರು. ಬೈಸಿಕೊಂಡವನು ಒಬ್ಬ, ಆದರೆ ಸುತ್ತಲಿದ್ದವರೆಲ್ಲ ನೆಟ್ಟಗೆ ಕೂತರು. ಬೈಗುಳಕ್ಕೆ ಇಷ್ಟು ಶಕ್ತಿ ಇದ್ದರೆ, ಯಾವ ರೀತಿ ಬೈದರೆ ಹೆಚ್ಚು ಪರಿಣಾಮ ಎಂದು ಅವರು ಹುಡುಕಹೊರಟರು. ಶಾಲಾ ತರಗತಿಗಳನ್ನು ವಿಡಿಯೋದಲ್ಲಿ ಸೆರೆಹಿಡಿದು ವರ್ಷಗಟ್ಟಲೆ ನೋಡಿದ ಮೇಲೆ, 1970ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಅವರ ಎಣಿಕೆಗೇ ತಲೆಕೆಳಗಾಗಿತ್ತು. ಗದ್ದಲ ಎದ್ದ ಮೇಲೆ ಏನು ಮಾಡುತ್ತಾರೆ ಎಂಬುದರಲ್ಲಿ ಒಳ್ಳೆಯ ಶಿಕ್ಷಕರಿಗೂ ಒದ್ದಾಡುವ ಶಿಕ್ಷಕರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ವ್ಯತ್ಯಾಸ ಇದ್ದದ್ದು ಗದ್ದಲ ಏಳುವ ಮೊದಲು. ಇಡೀ ಕೋಣೆಯ ಮೇಲೆ ಕಣ್ಣಿಡುವುದು, ಒಂದು ಕೆಲಸದಿಂದ ಇನ್ನೊಂದಕ್ಕೆ ತಡೆಯಿಲ್ಲದೆ ದಾಟಿಸುವುದು, ಕಾಯಿಸದಿರುವುದು.

ಹೀಗಾಗಿ 'ತಂಟೆ ಮಾಡುವ ಮಗುವನ್ನು ಏನು ಮಾಡಬೇಕು' ಎಂಬ ಪ್ರಶ್ನೆಯಿಂದ ಕಾರ್ಯಾಗಾರ ಶುರು ಮಾಡಿದರೆ ದಾರಿ ತಪ್ಪಿದಂತೆ. ಹೊಸಬರು ಕೇಳುವುದು ಅದನ್ನೇ, ಬೆಳಿಗ್ಗೆ ಹತ್ತೂವರೆಗೆ ಬಂದು ಕೂತ ಕೂಡಲೇ. ಆ ಪ್ರಶ್ನೆಯನ್ನು ಬೋರ್ಡಿನ ಮೂಲೆಯಲ್ಲಿ ಬರೆದು, ಎರಡನೇ ದಿನಕ್ಕೆ ಉತ್ತರಿಸುತ್ತೇವೆ ಎಂದು ಹೇಳುತ್ತೇವೆ. ಕೆಲವರ ಮುಖ ಸಣ್ಣಗಾಗುತ್ತದೆ. ಆಗಲಿ.

ಕಾರ್ಯಾಗಾರಕ್ಕೆ ಎರಡು ದಿನ, ಆದರೆ ಒಂದರ ಹಿಂದೆ ಒಂದಲ್ಲ. ನಡುವೆ ಮೂರು ವಾರ ಬಿಡುತ್ತೇವೆ. ಮೊದಲನೆಯದು ಶಾಲೆ ತೆರೆದು ಎರಡು ವಾರ ಆದ ಮೇಲೆ, ಜೂನ್ ನಡುವೆ. ಬೇಸಿಗೆ ರಜೆಯಲ್ಲೇ ಮುಗಿಸಿಬಿಡಿ ಎನ್ನುವವರುಂಟು. ಮುಗಿಸಬಹುದು, ಆದರೆ ಕೆಲಸಕ್ಕೆ ಹೊಸದಾಗಿ ಸೇರಿದವರ ಬಳಿ ಆಗ ನೆನಪಿಸಿಕೊಳ್ಳಲು ಒಂದು ತರಗತಿಯೂ ಇರುವುದಿಲ್ಲ. ಎರಡು ವಾರ ಪಾಠ ಮಾಡಿ, ಗಂಟಲು ಕಟ್ಟಿಸಿಕೊಂಡು ಬಂದವರ ಜೊತೆ ಕೆಲಸ ಮಾಡುವುದೇ ಬೇರೆ. ಇದರಲ್ಲಿ ಒಂದು ತೊಂದರೆಯಿದೆ: ಶಾಲೆ ನಡೆಯುತ್ತಿರುವಾಗ ಓಓಡಿ ಮೇಲೆ, ಅಂದರೆ ಕರ್ತವ್ಯದ ಲೆಕ್ಕದಲ್ಲೇ, ಕರೆಸಬೇಕು. ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕದಲ್ಲಿ 60 ಮಕ್ಕಳವರೆಗಿನ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು. ಹಳ್ಳಿಯ ಎಷ್ಟೋ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಒಂದರಿಂದ ಐದನೇ ತರಗತಿವರೆಗೆ ಆ ಇಬ್ಬರೇ. ಒಬ್ಬರನ್ನು ನಾವು ಕರೆಸಿಕೊಂಡರೆ ಇನ್ನೊಬ್ಬರಿಗೆ ಐದೂ ತರಗತಿ. ಆದ್ದರಿಂದ ಒಂದು ಶಾಲೆಯಿಂದ ಒಬ್ಬರೇ, ಅದೂ ಮುಖ್ಯ ಶಿಕ್ಷಕರಿಗೆ ಮೀಟಿಂಗ್ ಇಲ್ಲದ ದಿನ ನೋಡಿಕೊಂಡು.

ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ ಕಡೆಯಿಂದ ಬರುವವರು ಹೆಬ್ಬಾಳದಲ್ಲೋ ಕೆ.ಆರ್. ಪುರದಲ್ಲೋ ಗೊರಗುಂಟೆಪಾಳ್ಯದಲ್ಲೋ ಸಿಕ್ಕಿಹಾಕಿಕೊಳ್ಳುವುದು ಖಾತ್ರಿ, ಅದಕ್ಕೇ ಹತ್ತೂವರೆಗೆ ಶುರು. ಸಂಜೆ ನಾಲ್ಕಕ್ಕೆ ಬಿಡದಿದ್ದರೆ ಮೂರಕ್ಕೇ ಜನ ಗಡಿಯಾರ ನೋಡತೊಡಗುತ್ತಾರೆ. ಊಟ, ಟೀ ಕಳೆದರೆ ಕೈಗೆ ಸಿಗುವುದು ನಾಲ್ಕೂವರೆ ಗಂಟೆ. ಕೋಣೆಯ ಕುರ್ಚಿಗಳನ್ನು ಗೋಡೆಗೆ ತಳ್ಳಿ ಜಮಖಾನ ಹಾಸುತ್ತೇವೆ. ಹಳ್ಳಿಯ ಒಂದನೇ ತರಗತಿ ನಡೆಯುವುದು ನೆಲದ ಮೇಲೆ. ಮೇಜಿನ ಹಿಂದೆ ಕೂತು ಕಲಿತದ್ದು ಆ ನೆಲಕ್ಕೆ ಇಳಿಯುವುದಿಲ್ಲ.

ಮೊದಲ ಒಂದು ಗಂಟೆ ನಾವು ಏನೂ ಹೇಳುವುದಿಲ್ಲ. ಪ್ರತಿಯೊಬ್ಬರೂ ತಮ್ಮ ಶಾಲೆಯ ನಿನ್ನೆಯ ದಿನವನ್ನು ಒಂದು ಹಾಳೆಯಲ್ಲಿ ಐದೈದು ನಿಮಿಷದಂತೆ ಬರೆಯಬೇಕು: ಪ್ರಾರ್ಥನೆ, ಹಾಜರಿ, ಹಾಲು, ಮೊದಲ ಅವಧಿ, ಬಿಸಿಯೂಟ, ಹೀಗೆ. ಆಮೇಲೆ ಕೆಂಪು ಪೆನ್ನು ಕೊಡುತ್ತೇವೆ. ಅರ್ಧಕ್ಕಿಂತ ಹೆಚ್ಚು ಮಕ್ಕಳ ಕೈಯಲ್ಲಿ ಮಾಡಲು ಏನೂ ಇರಲಿಲ್ಲ ಎನ್ನುವ ಕಡೆ ಗೆರೆ ಎಳೆಯಿರಿ. ಮೊದಲು ಯಾರೂ ಎಳೆಯುವುದಿಲ್ಲ. ಪಕ್ಕದವರು ಒಂದು ಎಳೆದದ್ದು ಕಂಡಾಗ ಶುರುವಾಗುತ್ತದೆ. ಕೊನೆಗೆ ಹಾಳೆ ತುಂಬ ಕೆಂಪು. ಗೆರೆಗಳು ಬೀಳುವ ಜಾಗಗಳೂ ಬಹುತೇಕ ಒಂದೇ: ಪ್ರಾರ್ಥನೆಯಿಂದ ಒಳಗೆ ಬರುವಾಗ, ಹಾಲು ಕುಡಿದ ಮೇಲೆ, ಊಟದ ನಂತರ, ಮತ್ತು ಶಿಕ್ಷಕಿ ಒಂದು ಗುಂಪಿನ ಜೊತೆ ಕೂತಾಗ ಉಳಿದ ಗುಂಪುಗಳಲ್ಲಿ.

ಆ ಕೊನೆಯದು ನಲಿ-ಕಲಿ ತರಗತಿಯ ವಿಶೇಷ ಕಷ್ಟ. 1995ರ ಸುಮಾರಿಗೆ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹರಡಿದ ಈ ಪದ್ಧತಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಪ್ರತಿ ಮಗುವೂ ಕಲಿಕಾ ಏಣಿಯಲ್ಲಿ ತಾನಿರುವ ಮೆಟ್ಟಿಲಿನ ಕಾರ್ಡು ತೆಗೆದುಕೊಂಡು, ಅದಕ್ಕೆ ತಕ್ಕ ತಟ್ಟೆಯಲ್ಲಿ, ಅಂದರೆ ಗುಂಪಿನಲ್ಲಿ, ಕೂತು ಕೆಲಸ ಮಾಡಬೇಕು. ಒಂದು ತಟ್ಟೆಗೆ ಶಿಕ್ಷಕರ ಪೂರ್ತಿ ಸಹಾಯ, ಇನ್ನೊಂದಕ್ಕೆ ಸ್ವಲ್ಪ, ಮತ್ತೆ ಕೆಲವಕ್ಕೆ ಗೆಳೆಯರ ಸಹಾಯ, ಕೊನೆಯದಕ್ಕೆ ಸ್ವಕಲಿಕೆ. ಕಾಗದದ ಮೇಲೆ ಅಚ್ಚುಕಟ್ಟು. ನೆಲದ ಮೇಲೆ, ಮೊದಲ ತಟ್ಟೆಯ ಪಕ್ಕ ಶಿಕ್ಷಕಿ ಕೂತು ಎರಡು ನಿಮಿಷ ಆಗುವಷ್ಟರಲ್ಲಿ ಬೆನ್ನ ಹಿಂದೆ 'ಮಿಸ್, ಆಯ್ತು', 'ಮಿಸ್, ಇವ್ನು ಪೆನ್ಸಿಲ್ ಕೊಡ್ತಿಲ್ಲ', 'ಮಿಸ್, ಒಂದಕ್ಕೆ'. ಮಕ್ಕಳದು ತಂಟೆಯಲ್ಲ. ಮುಂದೆ ಏನು ಮಾಡಬೇಕು ಎಂದು ಗೊತ್ತಿಲ್ಲದವರು ಕೇಳುತ್ತಿದ್ದಾರೆ, ಅಷ್ಟೇ.

ಟೀ ಆದ ಮೇಲೆ ಊಟದವರೆಗೆ ಒಂದು ಸನ್ನಿವೇಶವನ್ನು ನಾವೇ ಮಾಡಿ ತೋರಿಸಿ, ಬಿಡಿಸಿ ನೋಡುತ್ತೇವೆ. ತಟ್ಟೆಯೊಂದರ ಜೊತೆ ಕೂರುವ ಮುಂಚೆ ಶಿಕ್ಷಕಿ ಉಳಿದವರಿಗೆ ಮೂರು ಮಾತು ಹೇಳಿರಬೇಕು. ಈಗ ಏನು ಮಾಡಬೇಕು, ಗೊತ್ತಾಗದಿದ್ದರೆ ಯಾರನ್ನು ಕೇಳಬೇಕು, ಮುಗಿದ ಮೇಲೆ ಏನು ಮಾಡಬೇಕು. ಹೊಸಬರು ಮೊದಲನೆಯದನ್ನು ಮಾತ್ರ ಹೇಳುತ್ತಾರೆ, ಅದನ್ನೂ ಮಕ್ಕಳು ಎದ್ದು ಓಡಾಡುತ್ತಿರುವಾಗ ಹೇಳುತ್ತಾರೆ. 'ಮಿಸ್, ಆಯ್ತು' ಹುಟ್ಟುವುದು ಮೂರನೇ ಮಾತು ಇಲ್ಲದ್ದರಿಂದ. ಅದಕ್ಕೆ ದೊಡ್ಡ ಸಾಮಗ್ರಿ ಬೇಕಿಲ್ಲ. ಮಕ್ಕಳ ಎತ್ತರದ ಗೋಡೆ ಹಲಗೆಯಲ್ಲಿ ತನ್ನ ಜಾಗದಲ್ಲಿ ಬರೆಯುವುದೋ, ಓದುವ ಮೂಲೆಯಿಂದ ಒಂದು ಪುಸ್ತಕ ತರುವುದೋ ಸಾಕು, ಆದರೆ ಅದು ದಿನವೂ ಅದೇ ಆಗಿರಬೇಕು. ಹೇಳಿ ಮುಗಿಸಿದ ಮೇಲೆ 'ಅರ್ಥ ಆಯ್ತಾ?' ಎಂದು ಕೇಳಿದರೆ ಬರುವುದು 'ಹ್ಞೂಂ ಮಿಸ್' ಎಂಬ ರಾಗ ಮಾತ್ರ. ಅದರ ಬದಲು, ಸಾಮಾನ್ಯವಾಗಿ ತಡವಾಗಿ ಗ್ರಹಿಸುವ ಒಂದು ಮಗುವನ್ನು ಕರೆದು 'ಮುಗಿದ ಮೇಲೆ ಏನು ಮಾಡ್ತೀಯ, ಹೇಳು' ಎನ್ನಬೇಕು. ಆ ಮಗು ಹೇಳಿತೆಂದರೆ ಎಲ್ಲರಿಗೂ ತಲುಪಿದೆ.

ಇಷ್ಟನ್ನು ಕೇಳಿ ಬರೆದುಕೊಂಡರೆ ಅರ್ಧ ದಿನದಲ್ಲಿ ಮುಗಿಯುತ್ತದೆ. ಆದರೆ ಅರ್ಥವಾಗುವುದೇ ಬೇರೆ, ಬಾಯಿಗೆ ಬರುವುದೇ ಬೇರೆ. ಶಿಕ್ಷಕರ ತರಬೇತಿಯ ಬಗ್ಗೆ 1980ರ ದಶಕದಲ್ಲಿ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ ಎಂಬಿಬ್ಬರು ಒತ್ತಿ ಹೇಳಿದ್ದು ಇದನ್ನೇ. ವಿವರಿಸಿದರೆ, ಮಾಡಿ ತೋರಿಸಿದರೆ ತಿಳಿವಳಿಕೆ ಬರುತ್ತದೆ, ಆದರೆ ತರಗತಿಯೊಳಗೆ ಅದು ಕಾಣಬೇಕಾದರೆ ಅಭ್ಯಾಸ ಬೇಕು, ಹಿಮ್ಮಾಹಿತಿ ಬೇಕು, ಶಾಲೆಗೆ ಮರಳಿದ ಮೇಲೂ ಜೊತೆಗೊಬ್ಬರು ಬೇಕು. ಆದ್ದರಿಂದ ಮಧ್ಯಾಹ್ನದ ಇಡೀ ಹೊತ್ತು ತಾಲೀಮು.

ತಾಲೀಮಿನ ಲೆಕ್ಕ ಹೀಗೆ. 24 ಜನ, ಎಂಟೆಂಟರ ಮೂರು ಗುಂಪು, ಗುಂಪಿಗೊಬ್ಬ ತರಬೇತುದಾರ. ಎಂಟರಲ್ಲಿ ಒಬ್ಬರು ಶಿಕ್ಷಕಿ, ಆರು ಜನ ಮಕ್ಕಳು, ಒಬ್ಬರು ಕೈಗಡಿಯಾರ ಹಿಡಿದು ನೋಡುವವರು. ನಾಲ್ಕು ನಿಮಿಷ ಮಾಡುವುದು, ಎರಡು ನಿಮಿಷ ಮಾತು, ತಕ್ಷಣ ಅದನ್ನೇ ಮತ್ತೆ ನಾಲ್ಕು ನಿಮಿಷ ಮಾಡುವುದು. ಒಬ್ಬರಿಗೆ ಹತ್ತು ನಿಮಿಷ, ಎಂಟು ಜನಕ್ಕೆ 80, ಎದ್ದು ಕೂರುವುದೆಲ್ಲ ಸೇರಿ 100. ಈ ಎರಡನೇ ಸಲ ಮಾಡುವುದನ್ನು ಯಾವ ಕಾರಣಕ್ಕೂ ಬಿಡಬಾರದು. ಸಮಯ ಸಾಲದು ಎಂದಾಗ ಎಲ್ಲರೂ ಮೊದಲು ಕತ್ತರಿಸುವುದು ಅದನ್ನೇ, ಆದರೆ ಕಲಿಕೆ ನಡೆಯುವುದೂ ಅಲ್ಲೇ. ಮೊದಲ ಸಲ ತಪ್ಪಿದ್ದು ಐದು ನಿಮಿಷದೊಳಗೆ ಸರಿಯಾಗಿದ್ದನ್ನು ತಾವೇ ಕಂಡವರು ಅದನ್ನು ಮರೆಯುವುದಿಲ್ಲ.

ಕೆಡುವುದೂ ಇಲ್ಲೇ, ಎರಡು ಥರ. ಮೊದಲನೆಯದು ನಾಟಕ. ದೊಡ್ಡವರಿಗೆ ಮಕ್ಕಳ ಪಾತ್ರ ಕೊಟ್ಟರೆ ಜಮಖಾನದ ಮೇಲೆ ಉರುಳಾಡುತ್ತಾರೆ, ಒಬ್ಬರ ಜಡೆ ಒಬ್ಬರು ಎಳೆಯುತ್ತಾರೆ, ಶಿಕ್ಷಕಿ ಪಾತ್ರದವರು ನಗು ತಡೆಯಲಾರದೆ ಕೂತುಬಿಡುತ್ತಾರೆ. ಅದಕ್ಕೆ ಚೀಟಿ ಬರೆದು ಕೊಡುತ್ತೇವೆ, ಎಲ್ಲ ಸಣ್ಣ ಸಣ್ಣ ತಾಪತ್ರಯಗಳೇ: 'ನಿನ್ನ ಪೆನ್ಸಿಲ್ ಮೊನೆ ಮುರಿದಿದೆ, ಸುಮ್ಮನೆ ಕೂತಿರು', 'ಒಂದು ನಿಮಿಷದಲ್ಲಿ ಮುಗಿಸು, ಆಮೇಲೆ ಪಕ್ಕದವರ ಕಾರ್ಡು ನೋಡು', 'ನಿನಗೆ ಬೋರ್ಡು ಕಾಣುತ್ತಿಲ್ಲ, ಆದರೆ ಹೇಳಬೇಡ'. ನಿಜವಾದ ತರಗತಿ ಕೈತಪ್ಪುವುದು ಇಂಥವುಗಳಿಂದಲೇ. ಎರಡನೆಯದು ಹೊಗಳಿಕೆ. ನೋಡುವವರು 'ಚೆನ್ನಾಗಿ ಮಾಡಿದ್ರಿ ಮೇಡಂ, ಸ್ವಲ್ಪ ಧ್ವನಿ ಜೋರಾಗಿದ್ದಿದ್ರೆ' ಎಂದು ಮುಗಿಸುತ್ತಾರೆ. ನೋಡುವವರಿಗೆ ನಮ್ಮದು ಒಂದೇ ನಿಯಮ: ಕಂಡದ್ದನ್ನೂ ಕೇಳಿದ್ದನ್ನೂ ಮಾತ್ರ ಬರೆಯಿರಿ, ಎಷ್ಟನೇ ನಿಮಿಷ ಎಂಬುದರ ಸಮೇತ. 'ಎರಡನೇ ನಿಮಿಷದಲ್ಲಿ ಮೂವರ ಕೈ ಖಾಲಿ. ಆಗ ನಿಮ್ಮ ಬೆನ್ನು ಅವರ ಕಡೆ ಇತ್ತು.' ಇಷ್ಟು ಸಾಕು. ಕೂರುವ ಜಾಗ ಬದಲಿಸಬೇಕೆಂದು ಶಿಕ್ಷಕಿಗೆ ತಾನಾಗಿಯೇ ಹೊಳೆಯುತ್ತದೆ.

24ರ ಬದಲು 60 ಜನರನ್ನು ಕಳಿಸಿದರೆ? ಕಳಿಸುತ್ತಾರೆ. ಆಗ ಈ ತಾಲೀಮು ಆಗುವುದಿಲ್ಲ, ಆಗುತ್ತದೆ ಎಂದು ನಟಿಸುವುದೂ ಬೇಡ. ಕೆಂಪು ಗೆರೆಯ ಹಾಳೆಯ ಕೆಲಸ ಮಾಡಿಸಿ, ಮೂರು ಮಾತಿನ ಪ್ರಾತ್ಯಕ್ಷಿಕೆ ತೋರಿಸಿ, ತಾಲೀಮಿಗೆ ಬೇರೆ ದಿನ ಕೇಳುವುದೇ ವಾಸಿ.

ಹೋದ ಸಲದ ಒಬ್ಬ ಶಿಕ್ಷಕಿಯ ವಿಷಯ ಹೇಳಿದರೆ ಇದೆಲ್ಲ ಇನ್ನಷ್ಟು ಸ್ಪಷ್ಟವಾಗಬಹುದು. ದೊಡ್ಡಬಳ್ಳಾಪುರ ತಾಲ್ಲೂಕಿನ ಕಿರಿಯ ಪ್ರಾಥಮಿಕ ಶಾಲೆ, 23 ಮಕ್ಕಳು, ನಲಿ-ಕಲಿಯಲ್ಲಿ 13, ನಾಲ್ಕು-ಐದನೇ ತರಗತಿಯಲ್ಲಿ 10. ಮುಖ್ಯ ಶಿಕ್ಷಕರು ಹೊರಗೆ ಹೋದ ದಿನ ಇಪ್ಪತ್ಮೂರೂ ಇವರ ಪಾಲಿಗೆ. ಅವರ ಹಾಳೆಯಲ್ಲಿ ಅತಿ ಉದ್ದದ ಕೆಂಪು ಗೆರೆ ಇದ್ದದ್ದು ಹಾಲು ಕುಡಿದ ಮೇಲೆ: 17 ನಿಮಿಷ. 'ಮಕ್ಕಳು ಮಾತೇ ಕೇಳಲ್ಲ ಸರ್' ಎಂದರು. ಆ ಹೊತ್ತಿನಲ್ಲಿ ಏನು ಹೇಳುತ್ತೀರಿ, ಹಾಗೇ ಹೇಳಿ ಎಂದೆ. 'ಎಲ್ರೂ ಲೋಟ ತೊಳ್ದಿಟ್ಟು, ಕೈ ತೊಳ್ಕೊಂಡು, ಒಳಗ್ ಬಂದು, ಬುಕ್ ತಗೊಂಡು ಸುಮ್ನೆ ಕೂತ್ಕೊಳಿ.' ಒಂದೇ ಉಸಿರಿಗೆ ಐದು ಕೆಲಸ, ಅದರಲ್ಲಿ ಕೊನೆಯದು 'ಸುಮ್ಮನೆ ಕೂರುವುದು'. ಎಷ್ಟು ನಲ್ಲಿ ಇವೆ ಎಂದು ಗುಂಪಿನಲ್ಲಿ ಯಾರೋ ಕೇಳಿದರು. ಒಂದು.

ತಾಲೀಮಿನಲ್ಲಿ ಬಾಗಿಲ ಬಳಿ ಒಂದು ಬಕೆಟ್ ಇಟ್ಟು ಅದನ್ನೇ ನಲ್ಲಿ ಅಂದುಕೊಂಡೆವು. ಆರು ಜನ 'ಮಕ್ಕಳು' ಒಟ್ಟಿಗೆ ಎದ್ದರು. ಒಬ್ಬರು ಬಕೆಟ್ಟಿನ ಹತ್ತಿರ, ಐವರು ಸಾಲಿನಲ್ಲಿ, ಕೈ ಖಾಲಿ. ಮೊದಲು ತೊಳೆದವರು ಒಳಗೆ ಬಂದು ಸುಮ್ಮನೆ ಕೂರಬೇಕು, ಕೊನೆಯವರು ಬರುವವರೆಗೆ. ಆರು ಜನಕ್ಕೇ ಹೀಗಾದರೆ 23 ಮಕ್ಕಳಿಗೆ? ಒಂದು ಮಗುವಿಗೆ ಅರ್ಧ ನಿಮಿಷ ಹಿಡಿದರೂ ಕೊನೆಯ ಮಗುವಿಗೆ ಸರದಿ ಬರಲು ಹನ್ನೊಂದು ನಿಮಿಷ ಬೇಕು. ಇದು ಶಿಸ್ತಿನ ಪ್ರಶ್ನೆಯೇ ಆಗಿರಲಿಲ್ಲ, ನೀರಿನ ಪ್ರಶ್ನೆ.

ಎರಡನೇ ಸಲಕ್ಕೆ ಅವರೇ ಬದಲಿಸಿದರು. ಹಾಲು ಕೊಡುವ ಮೊದಲೇ ಪ್ರತಿಯೊಬ್ಬರ ಜಾಗದಲ್ಲಿ ಕಾರ್ಡು ಅಥವಾ ಪುಸ್ತಕ ತೆರೆದಿಟ್ಟಿರಬೇಕು. ಹಾಲು ಕುಡಿದವರು ಲೋಟ ಒಂದು ಬುಟ್ಟಿಗೆ ಹಾಕಿ ನೇರ ತಮ್ಮ ಜಾಗಕ್ಕೆ. ನಲ್ಲಿಗೆ ಒಂದು ತಟ್ಟೆಯವರು ಹೋದರೆ ಉಳಿದವರು ಕೆಲಸದಲ್ಲಿ, ಅವರು ಬಂದ ಮೇಲೆ ಮುಂದಿನ ತಟ್ಟೆ. ಕಳಿಸುವ ಕೆಲಸ ಐದನೇ ತರಗತಿಯ ಒಬ್ಬ ಹುಡುಗಿಗೆ. ಶಿಕ್ಷಕಿ ಬಾಗಿಲಲ್ಲಿ ನಿಲ್ಲಬೇಕು, ಅಲ್ಲಿಂದ ನಲ್ಲಿಯೂ ಕಾಣುತ್ತದೆ, ಕೋಣೆಯೂ ಕಾಣುತ್ತದೆ. ಲೋಟಗಳನ್ನು ಆಮೇಲೆ ಅಡುಗೆಯವರ ಜೊತೆ ಇಬ್ಬರು ದೊಡ್ಡ ಮಕ್ಕಳು ತೊಳೆಯಲಿ ಎಂದು ಒಬ್ಬರು ಸೂಚಿಸಿದಾಗ ದೊಡ್ಡ ಚರ್ಚೆಯೇ ಆಯಿತು. ಯಾವ ಮಕ್ಕಳು, ದಿನಾ ಅವರೇನಾ, ಹುಡುಗಿಯರೇನಾ ಎಂದೆಲ್ಲ. ಸರಿಯಾದ ಚರ್ಚೆ ಅದು. ಕೊನೆಗೆ ಅವರವರ ಲೋಟ ಅವರವರೇ, ತಮ್ಮ ತಟ್ಟೆಯ ಸರದಿಯಲ್ಲೇ ತೊಳೆಯುವುದು ಎಂದಾಯಿತು.

ಹೊರಡುವ ಮೊದಲು ಪ್ರತಿಯೊಬ್ಬರೂ ಒಂದೇ ಒಂದು ಕೆಂಪು ಗೆರೆ ಆರಿಸಿಕೊಳ್ಳುತ್ತಾರೆ. ಎರಡು ಬೇಡ. ಹತ್ತಿರದ ಊರಿನ ಇನ್ನೊಬ್ಬರನ್ನು ಜೋಡಿ ಮಾಡಿಕೊಳ್ಳುತ್ತಾರೆ. ಕ್ಲಸ್ಟರ್ ಮಟ್ಟದ ಸಂಪನ್ಮೂಲ ವ್ಯಕ್ತಿಗಳಾದ ಸಿಆರ್‌ಪಿಗಳು ಬಂದು ನೋಡಿದರೆ ಒಳ್ಳೆಯದೇ, ಆದರೆ ಅವರ ಕೈಯಲ್ಲಿ ಶಾಲೆಗಳೂ ವರದಿಗಳೂ ಸಾಕಷ್ಟಿವೆ, ಮೂರು ವಾರದೊಳಗೆ ಬರುತ್ತಾರೆಂದು ನಂಬಿ ಕೂರಲಾಗದು. ಜೋಡಿಯವರು ಸಂಜೆ ಫೋನಿನಲ್ಲಿ ಕೇಳಬೇಕಾದ್ದು 'ಹೇಗಾಯ್ತು' ಎಂದಲ್ಲ, 'ಎಷ್ಟು ನಿಮಿಷ ಆಯ್ತು' ಎಂದು.

ಎರಡನೇ ದಿನ ಶುರುವಾಗುವುದು ಆ ನಿಮಿಷಗಳಿಂದ. ಈ ಶಿಕ್ಷಕಿಯ ಹಾಳೆಯಲ್ಲಿ ಮೊದಲ ವಾರ 17 ಇದ್ದದ್ದು 12ಕ್ಕೆ, ಆಮೇಲೆ 8ಕ್ಕೆ ಇಳಿದಿತ್ತು. ಎರಡನೇ ವಾರದಲ್ಲಿ ಒಂದು ದಿನ ಮತ್ತೆ 15. ಏಕೆ? ಐದನೇ ತರಗತಿಯ ಹುಡುಗಿ ಆ ದಿನ ಊರ ಹಬ್ಬಕ್ಕೆ ಅಜ್ಜಿ ಮನೆಗೆ ಹೋಗಿದ್ದಳು. ವ್ಯವಸ್ಥೆಯೆಲ್ಲ ಒಂದೇ ಮಗುವಿನ ಮೇಲೆ ನಿಂತಿತ್ತು. ಅಂದಿನಿಂದ ಇಬ್ಬರು, ವಾರಕ್ಕೊಮ್ಮೆ ಬದಲಾವಣೆ. ಇಂಥದ್ದು ಮೊದಲ ದಿನ ಯಾವ ತರಬೇತುದಾರನಿಗೂ ಹೊಳೆಯುವುದಿಲ್ಲ, ನನಗಂತೂ ಹೊಳೆದಿರಲಿಲ್ಲ. ಮೂರು ವಾರ ನಡುವೆ ಬಿಟ್ಟದ್ದಕ್ಕೆ ಸಿಕ್ಕ ಫಲ ಅದು.

ಬೋರ್ಡಿನ ಮೂಲೆಯಲ್ಲಿ ಬರೆದಿಟ್ಟ ಪ್ರಶ್ನೆಗೆ ಬರುವುದು ಆಮೇಲೆ. ಆ ಹೊತ್ತಿಗೆ ಅದು ಚಿಕ್ಕದಾಗಿರುತ್ತದೆ, ಇಡೀ ತರಗತಿಯ ಗದ್ದಲದ ಬದಲು ಒಂದೋ ಎರಡೋ ಮಕ್ಕಳ ವಿಷಯ ಉಳಿದಿರುತ್ತದೆ. ಬೆತ್ತದ ಮಾತು ಬಂದೇ ಬರುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ, ಮೀರಿದವರ ಮೇಲೆ ಸೇವಾ ನಿಯಮದಂತೆ ಶಿಸ್ತುಕ್ರಮ ಆಗುತ್ತದೆ. ಕಿವಿ ಹಿಂಡುವುದು ಮಾತ್ರವಲ್ಲ, 'ನಿಮ್ಮಪ್ಪನ ಥರಾನೇ ನೀನು' ಎಂದು ಎಲ್ಲರೆದುರು ಹೇಳುವುದೂ ಇದರೊಳಗೇ ಬರುತ್ತದೆ ಎಂಬುದು ಹಲವರಿಗೆ ಹೊಸ ವಿಷಯ. ಇದನ್ನು ಐದು ನಿಮಿಷದಲ್ಲಿ ಹೇಳಿ ಮುಗಿಸುತ್ತೇವೆ. ಹೆಚ್ಚು ಹೊತ್ತು ಬೇಕಾಗುವುದು, 'ಮಾತ್ ಕೇಳ್ದಿದ್ರೆ ನಾಕ್ ಬಾರ್ಸಿ ಮಿಸ್' ಎಂದು ಅಪ್ಪಂದಿರೇ ಬಂದು ಹೇಳಿದಾಗ ಏನನ್ನಬೇಕು ಎಂಬುದಕ್ಕೆ. 22 ವರ್ಷದ ಹೊಸ ಶಿಕ್ಷಕಿ 45ರ ಊರಿನ ಹಿರಿಯರಿಗೆ ಕಾಯ್ದೆ ಪಾಠ ಮಾಡಲಾದೀತೇ? ಅದನ್ನೂ ನಾಲ್ಕು ನಿಮಿಷದ ತಾಲೀಮಿಗೆ ಹಾಕುತ್ತೇವೆ. ನನಗೆ ಹಿಡಿಸಿದ್ದು ಹೊಸಕೋಟೆ ಕಡೆಯ ಒಬ್ಬರ ಉತ್ತರ: 'ಹೊಡಿಯೋದು ಬೇಡ ಅಣ್ಣ, ಹೊಡೆದ್ರೆ ನಾಳೆ ಸ್ಕೂಲಿಗೇ ಬರಲ್ಲ. ನೀವು ಸಂಜೆ ಹತ್ತು ನಿಮಿಷ ಅವ್ನ ಬುಕ್ ನೋಡಿ, ನಾನು ಬೆಳಿಗ್ಗೆ ನೋಡ್ತೀನಿ.'

ಕಾರ್ಯಾಗಾರ ಗೆದ್ದಿತೋ ಇಲ್ಲವೋ ತಿಳಿಯಲು ಫಾರಂ ನೋಡಬೇಡಿ. ಆರನೇ ವಾರ ಶಾಲೆಗೆ ಹೋಗಿ, ಆರಿಸಿಕೊಂಡ ಆ ಹೊತ್ತಿನಲ್ಲಿ ಹಿಂದೆ ಕೂತು, ಎರಡೆರಡು ನಿಮಿಷಕ್ಕೊಮ್ಮೆ ಎಷ್ಟು ಮಕ್ಕಳ ಕೈಯಲ್ಲಿ ಕೆಲಸ ಇದೆ ಎಂದು ಎಣಿಸಿ. ಹತ್ತು ನಿಮಿಷಕ್ಕೆ ಐದು ಎಣಿಕೆ. ಇದಕ್ಕೊಂದು ಮಿತಿಯಿದೆ. ಕೈಯಲ್ಲಿ ಕಾರ್ಡಿದ್ದ ಮಾತ್ರಕ್ಕೆ ಮಗು ಕಲಿಯುತ್ತಿದೆ ಎಂದಲ್ಲ, ನಿನ್ನೆಯ ಕಾರ್ಡನ್ನೇ ಇವತ್ತೂ ಹಿಡಿದು ಕೂತ ಮಕ್ಕಳನ್ನು ಕಂಡಿದ್ದೇನೆ. ಅದಕ್ಕೇ ಎಣಿಕೆ ಮುಗಿದ ಮೇಲೆ ಇಬ್ಬರು ಮೂವರ ಪಕ್ಕ ಕೂತು 'ಇದೇನು ಮಾಡ್ತಿದೀಯ' ಎಂದು ಕೇಳಬೇಕು. ಮತ್ತೆ, ಬೆಂಗಳೂರಿನಿಂದ ಹೊಸ ಮುಖ ಬಂದಿದೆ ಎಂದು ಮಕ್ಕಳು ಮೊದಲ ಐದು ನಿಮಿಷ ಅತಿ ಸಭ್ಯರಾಗಿರುತ್ತಾರೆ, ಆ ಹೊತ್ತನ್ನು ಲೆಕ್ಕಕ್ಕೆ ಹಿಡಿಯಬೇಡಿ.

ದೊಡ್ಡಬಳ್ಳಾಪುರದ ಆ ಶಾಲೆಯಲ್ಲಿ ನಾನು ಎಣಿಸಿದ ದಿನ 23ರಲ್ಲಿ ಮೂವರು ಬಂದಿರಲಿಲ್ಲ. ಇದ್ದ 20 ಮಕ್ಕಳಲ್ಲಿ ಐದು ಎಣಿಕೆಗೂ 14ಕ್ಕಿಂತ ಕಡಿಮೆ ಸಿಗಲಿಲ್ಲ. ಎರಡನೇ ನಲ್ಲಿಗಾಗಿ ಶಿಕ್ಷಕಿ ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಯ ಸಭೆಯಲ್ಲಿ ತಮ್ಮ ನಿಮಿಷಗಳ ಹಾಳೆಯನ್ನೇ ಮುಂದಿಟ್ಟಿದ್ದರಂತೆ. ನಲ್ಲಿ ಇನ್ನೂ ಬಂದಿಲ್ಲ. ಒಬ್ಬ ಮಗುವಿನ ಅಪ್ಪ ತಮ್ಮ ಮನೆಯ ಹಳೇ ಪ್ಲಾಸ್ಟಿಕ್ ಡ್ರಮ್ಮಿಗೆ ತೂತು ಕೊರೆದು, ಮೂರು ನಲ್ಲಿ ತಿರುಪಿ, ಜಗುಲಿಯ ಪಕ್ಕ ಇಟ್ಟು ಹೋಗಿದ್ದಾರೆ. ಒಂದು ಸೋರುತ್ತದೆ.